ಹಾಲು ಕಲಬೆರಕೆ ಪತ್ತೆ ಯಂತ್ರ: ಹೇಳುವುದೆಷ್ಟು, ಹೇಳದಿರುವುದೆಷ್ಟು?



ಹಾಲಿನ ಕಲಬೆರಕೆಯನ್ನು ಅರೆ ನಿಮಿಷದಲ್ಲಿ ಹೇಳುವ ಸಣ್ಣ ಯಂತ್ರಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತಿವೆ. ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಇಂತಹವನ್ನು ಮಾಡಿ ಪ್ರದರ್ಶನಗಳಲ್ಲಿ ಇಡುತ್ತಾರೆ. ಇವುಗಳ ರಚನೆ ಹೆಚ್ಚುಕಡಿಮೆ ಒಂದೇ. ಹಾಲಿನಲ್ಲಿ ಮುಳುಗಿಸಲು ಲೋಹದ ಎರಡು ಪುಟ್ಟ ಕಡ್ಡಿಗಳು, ಒಂದು ಸಣ್ಣ ದೀಪ, ಅದರ ಎದುರಿಗೆ ಬೆಳಕನ್ನು ಅಳೆಯುವ ಒಂದು ಬಿಲ್ಲೆ. ಕಡ್ಡಿಗಳು ಹಾಲಿನ ವಿದ್ಯುತ್ ವಾಹಕತೆಯನ್ನು ಅಳೆಯುತ್ತವೆ, ದೀಪ ಮತ್ತು ಬಿಲ್ಲೆ ಹಾಲಿನ ದಟ್ಟತೆಯನ್ನು ಅಳೆಯುತ್ತವೆ. ಎರಡೂ ಗೊತ್ತುಪಡಿಸಿದ ಮಿತಿಯೊಳಗಿದ್ದರೆ ಹಸಿರು ದೀಪ, ಮಿತಿ ಮೀರಿದರೆ ಕೆಂಪು ದೀಪ.

ಶೃಂಗೇರಿ ತಾಲ್ಲೂಕಿನ ಮೆಣಸೆ ಕಡೆಯಲ್ಲಿ ಒಂದೆರಡು ಹಸು ಸಾಕಿಕೊಂಡು, ಬೆಳಿಗ್ಗೆ ಮೂರು ಲೀಟರು, ಸಂಜೆ ಎರಡು ಲೀಟರು ಹಾಕುವ ಸದಸ್ಯರೇ ಹೆಚ್ಚು. ಅವರಲ್ಲಿ ಒಬ್ಬರ ಕ್ಯಾನಿಗೆ ಎಲ್ಲರ ಎದುರಿನಲ್ಲಿ ಕೆಂಪು ದೀಪ ಹತ್ತಿದರೆ ಹೋಗುವುದು ಆ ಹೊತ್ತಿನ ಹಾಲಿನ ಹಣ ಮಾತ್ರವಲ್ಲ, ಊರಿನಲ್ಲಿ ಅವರ ಹೆಸರೂ ಹೋಗುತ್ತದೆ. ಆದ್ದರಿಂದ ಈ ಯಂತ್ರದ ಮಾತನ್ನು ಎಷ್ಟು ನಂಬಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಾರ್ಯದರ್ಶಿಗಳು, ಹಾಲು ಪರೀಕ್ಷಕರು ಹಾಗೂ ಸದಸ್ಯರು ಮೂವರೂ ತಿಳಿದಿರಬೇಕು.

ವಿದ್ಯುತ್ ವಾಹಕತೆ ಎಂದರೇನು?

ಹಾಲಿನಲ್ಲಿ ಕರಗಿರುವ ಲವಣಗಳ, ಮುಖ್ಯವಾಗಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಂಶಗಳ ಮೂಲಕ ವಿದ್ಯುತ್ ಹರಿಯುತ್ತದೆ. ಲವಣ ಹೆಚ್ಚಿದ್ದರೆ ಹೆಚ್ಚು ಹರಿಯುತ್ತದೆ, ಕಡಿಮೆಯಿದ್ದರೆ ಕಡಿಮೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ವಿದ್ಯುತ್ತನ್ನು ಒಯ್ಯುವುದಿಲ್ಲ. ಜಿಡ್ಡಿನ ಕಣಗಳೂ ಒಯ್ಯುವುದಿಲ್ಲ, ಬದಲಿಗೆ ಸ್ವಲ್ಪ ಅಡ್ಡವನ್ನೇ ಮಾಡುತ್ತವೆ. ಆರೋಗ್ಯವಂತ ಹಸುವಿನ ಹಾಲಿನ ವಾಹಕತೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಮಾನ್ಯವಾಗಿ 4 ರಿಂದ 5.5 ಮಿಲಿಸೀಮೆನ್ಸ್ ಇರುತ್ತದೆ. ಯಂತ್ರದ ಪರದೆಯ ಮೇಲೆ ಇದು mS/cm ಎಂದು ಕಾಣುತ್ತದೆ.

ಮಲೆನಾಡಿನ ಹಳ್ಳದ ನೀರು, ಮಳೆಯ ನೀರಿನಿಂದ ತುಂಬುವ ಬಾವಿಯ ನೀರು ಬಹಳ ಮೆದು. ಅದರಲ್ಲಿ ಲವಣ ಅತ್ಯಲ್ಪ. ಅಂತಹ ನೀರನ್ನು ಹಾಲಿಗೆ ಸೇರಿಸಿದರೆ ವಾಹಕತೆ ಇಳಿಯುತ್ತದೆ. ಉದಾಹರಣೆಗೆ 4.8 ವಾಹಕತೆಯ 9 ಲೀಟರು ಹಾಲಿಗೆ 1 ಲೀಟರು ಹಳ್ಳದ ನೀರು ಸೇರಿಸಿದರೆ ವಾಹಕತೆ ಹತ್ತರಲ್ಲಿ ಒಂದು ಪಾಲು ಕುಗ್ಗಿ ಸುಮಾರು 4.3ಕ್ಕೆ ಬರುತ್ತದೆ. ಯಂತ್ರ ಕೆಲಸ ಮಾಡುವುದು ಈ ಲೆಕ್ಕದ ಮೇಲೆಯೇ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ವಾಹಕತೆ ಇಳಿಯಲು ನೀರೊಂದೇ ಕಾರಣವಲ್ಲ, ಏರಲು ಉಪ್ಪೊಂದೇ ಕಾರಣವಲ್ಲ. ತೊಡಕು ಇರುವುದು ಇಲ್ಲಿ.

ಮೂರು ಕ್ಯಾನುಗಳ ಲೆಕ್ಕ

ಇದನ್ನು ಮೂರು ಕ್ಯಾನುಗಳ ಉದಾಹರಣೆಯಿಂದ ನೋಡೋಣ. ನಮ್ಮ ಯಂತ್ರದಲ್ಲಿ 4.5 ರಿಂದ 5.5 ರವರೆಗೆ ಹಸಿರು ದೀಪ, ಅದರ ಕೆಳಗೆ ಅಥವಾ ಮೇಲೆ ಕೆಂಪು ದೀಪ ಎಂದು ಗೊತ್ತುಪಡಿಸಲಾಗಿದೆ ಎಂದು ಇಟ್ಟುಕೊಳ್ಳಿ.

ಮೊದಲನೆಯ ಕ್ಯಾನು ದೂರದ ಒಂಟಿ ಮನೆಯಿಂದ ಬಂದದ್ದು. ಹಾಲಿಗೆ ಒಂದು ತೊಟ್ಟು ನೀರೂ ಬಿದ್ದಿಲ್ಲ. ಆದರೆ ಪುಷ್ಯ ಮಾಸದ ಚಳಿ. ಕರೆದಾಗ ಹಸುವಿನ ಮೈಬಿಸಿಯಷ್ಟೇ ಇದ್ದ ಹಾಲು ಸಂಘಕ್ಕೆ ಬರುವ ಹೊತ್ತಿಗೆ 20 ಡಿಗ್ರಿಗೆ ಇಳಿದಿದೆ. ಉಷ್ಣತೆ ಒಂದು ಡಿಗ್ರಿ ಇಳಿದರೆ ಹಾಲಿನ ವಾಹಕತೆ ಸುಮಾರು ಶೇಕಡಾ 2 ರಷ್ಟು ಇಳಿಯುತ್ತದೆ. 25 ಡಿಗ್ರಿಯಲ್ಲಿ 4.8 ತೋರಬೇಕಾದ ಹಾಲು 20 ಡಿಗ್ರಿಯಲ್ಲಿ ಸುಮಾರು 4.3 ತೋರುತ್ತದೆ. ಅಂದರೆ ಐದು ಡಿಗ್ರಿ ಚಳಿಯೂ ಶೇಕಡಾ 10 ರಷ್ಟು ನೀರೂ ಯಂತ್ರದ ಕಣ್ಣಿಗೆ ಒಂದೇ. ಕೆಂಪು ದೀಪ ಹತ್ತುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಉಷ್ಣತೆಯನ್ನು ಅಳೆದು ಲೆಕ್ಕವನ್ನು ಸರಿಪಡಿಸುವ ಏರ್ಪಾಡು ಇರುತ್ತದೆ. ಆದರೆ ಉಷ್ಣತೆ ಅಳೆಯುವ ಭಾಗವು ಹಾಲಿನ ಬಿಸಿಗೆ ಹೊಂದಿಕೊಳ್ಳಲು ಸಮಯ ಬೇಕು. ಸಾಲಿನಲ್ಲಿ ನಲವತ್ತು ಜನ ಕಾದಿರುವಾಗ ಅದ್ದಿ ತೆಗೆದು ಅದ್ದಿ ತೆಗೆದು ಮಾಡಿದರೆ ಹಿಂದಿನ ಕ್ಯಾನಿನ ಉಷ್ಣತೆಯಲ್ಲೇ ಈ ಕ್ಯಾನಿನ ಲೆಕ್ಕ ನಡೆದುಹೋಗುತ್ತದೆ.

ಎರಡನೆಯ ಕ್ಯಾನಿನ ಹಾಲಿಗೂ ಯಾರೂ ಏನನ್ನೂ ಬೆರೆಸಿಲ್ಲ. ಆದರೆ ಹಸುವಿಗೆ ಹೊರಗೆ ಕಾಣದ ಕೆಚ್ಚಲು ಬಾವು ಇದೆ. ಕೆಚ್ಚಲು ಊದಿಲ್ಲ, ಹಾಲು ಒಡೆದಿಲ್ಲ, ಹಸು ಮೇವು ಬಿಟ್ಟಿಲ್ಲ. ಮಾಲೀಕರಿಗೂ ಗೊತ್ತಿಲ್ಲ. ಕೆಚ್ಚಲು ಬಾವಿನಲ್ಲಿ ಹಾಲು ಉತ್ಪಾದಿಸುವ ಜೀವಕೋಶಗಳು ಹಾಳಾಗಿ, ರಕ್ತದಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್ ಹಾಲಿಗೆ ಸೋರುತ್ತವೆ. ಲ್ಯಾಕ್ಟೋಸ್ ಕಡಿಮೆಯಾಗುತ್ತದೆ. ಆ ಹಾಲನ್ನು ನಾಲಿಗೆಗೆ ಹಚ್ಚಿ ನೋಡಿದರೆ ಸ್ವಲ್ಪ ಉಪ್ಪುಪ್ಪು ಎನಿಸುವುದು ಇದರಿಂದಲೇ. ಆರೋಗ್ಯವಾಗಿರುವ ಎರಡು ಮೊಲೆಗಳಿಂದ 4.8 ವಾಹಕತೆಯ 4 ಲೀಟರು, ಬಾವು ಬಂದ ಎರಡು ಮೊಲೆಗಳಿಂದ 6.6 ವಾಹಕತೆಯ 3 ಲೀಟರು ಹಾಲು ಬಂತು ಎನ್ನೋಣ. ಒಟ್ಟು 7 ಲೀಟರು ಬೆರೆತಾಗ ವಾಹಕತೆ ಸುಮಾರು 5.6 ಆಗುತ್ತದೆ. ಮತ್ತೆ ಕೆಂಪು ದೀಪ. ಯಂತ್ರದ ಅರ್ಥದಲ್ಲಿ ಇದು ಉಪ್ಪು ಅಥವಾ ಸೋಡಾ ಬೆರೆತ ಹಾಲು.

ಮೂರನೆಯ ಕ್ಯಾನಿನ ಹಾಲಿಗೆ ಹತ್ತರಲ್ಲಿ ಒಂದು ಪಾಲು ನೀರು ಸೇರಿದೆ. ಸೇರಿಸಿದವರಿಗೆ ಯಂತ್ರದ ಗುಟ್ಟು ತಿಳಿದಿದೆ. ಅವರು ಮೇಲೆ ಒಂದು ಚಿಟಿಕೆ ಅಡಿಗೆ ಉಪ್ಪನ್ನೂ ಹಾಕಿದ್ದಾರೆ. ನೀರಿನಿಂದ 4.3ಕ್ಕೆ ಇಳಿದಿದ್ದ ವಾಹಕತೆ ಉಪ್ಪಿನಿಂದ ಮತ್ತೆ 4.8ಕ್ಕೆ ಏರಿದೆ. ಹಸಿರು ದೀಪ!

ಮೂರು ಕ್ಯಾನುಗಳಲ್ಲಿ ಪ್ರಾಮಾಣಿಕರಾದ ಇಬ್ಬರ ಹಾಲು ಹಿಂದಕ್ಕೆ ಹೋಯಿತು, ಕಲಬೆರಕೆಯ ಹಾಲು ಡೇರಿಗೆ ಹೋಯಿತು. ಇನ್ನೊಂದು ವಿಷಯವನ್ನೂ ಗಮನಿಸಿ. ಎರಡನೆಯ ಕ್ಯಾನಿನ ಬಾವಿನ ಹಾಲಿಗೇ ಯಾರಾದರೂ ಹತ್ತರಲ್ಲಿ ಒಂದು ಪಾಲು ನೀರು ಸೇರಿಸಿದ್ದರೆ 5.6 ಇದ್ದದ್ದು 5ಕ್ಕೆ ಇಳಿದು ಹಸಿರು ದೀಪ ಹತ್ತುತ್ತಿತ್ತು. ಎರಡು ದೋಷಗಳು ಸೇರಿ ಒಂದು ಒಳ್ಳೆಯ ಅಂಕಿಯಾಗುತ್ತಿತ್ತು.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಲ್ಯಾಕ್ಟೋಮೀಟರಿನ ಕಥೆಯೂ ಇದೇ. ನೀರು ಹಾಕಿದರೆ ಲ್ಯಾಕ್ಟೋಮೀಟರು ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆ ತೆಗೆದು ನೀರು ಹಾಕಿದರೆ ಅದು ಇದ್ದಲ್ಲೇ ಇರುತ್ತದೆ. ಆದ್ದರಿಂದಲೇ ಲ್ಯಾಕ್ಟೋಮೀಟರನ್ನು ಒಂದೇ ನಂಬದೆ ಜೊತೆಯಲ್ಲಿ ಜಿಡ್ಡಿನ ಪರೀಕ್ಷೆಯನ್ನೂ ಮಾಡುತ್ತೇವೆ. ಒಂದೇ ಅಂಕಿಯನ್ನು ಅಳೆಯುವ ಯಾವ ಸಾಧನಕ್ಕೂ ಈ ಕೊರತೆ ತಪ್ಪಿದ್ದಲ್ಲ.

ಬೆಳಕಿನ ಪರೀಕ್ಷೆಯಿಂದ ಈ ಕೊರತೆ ನೀಗುವುದೇ?

ವಾಹಕತೆಯ ಜೊತೆಗೆ ಬೆಳಕಿನ ಅಳತೆಯೂ ಇರುವುದರಿಂದ ಇದು ಒಂದೇ ಅಂಕಿಯಲ್ಲ, ಎರಡು ಅಂಕಿ ಎಂದು ಯಂತ್ರ ಮಾರುವವರು ಹೇಳುವುದುಂಟು. ಬೆಳಕಿನ ಅಳತೆಯಿಂದ ಹಾಲನ್ನು ಪರೀಕ್ಷಿಸಬಹುದು ಎಂಬುದು ನಿಜ. ಜೈಪುರದ ರಾಜಸ್ಥಾನ್ ಎಲೆಕ್ಟ್ರಾನಿಕ್ಸ್ ಅಂಡ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆ ತಯಾರಿಸಿದ ಎಲೆಕ್ಟ್ರಾನಿಕ್ ಮಿಲ್ಕ್ ಟೆಸ್ಟರ್ ಹಳೆಯ ಸದಸ್ಯರಿಗೆ ನೆನಪಿರಬಹುದು. ಅದು ಜಿಡ್ಡನ್ನು ಅಳೆಯುತ್ತಿದ್ದದ್ದು ಬೆಳಕಿನಿಂದಲೇ. ಆದರೆ ಬೆಳಕು ಹಾಯಿಸುವ ಮೊದಲು ಆ ಯಂತ್ರ ಏನೇನು ಮಾಡುತ್ತಿತ್ತು ಎಂಬುದನ್ನು ನೋಡಬೇಕು.

ಹಾಲು ಬೆಳ್ಳಗೆ ಕಾಣುವುದು ಅದರಲ್ಲಿರುವ ಜಿಡ್ಡಿನ ಕಣಗಳೂ ಕೇಸೀನ್ ಎಂಬ ಸಸಾರಜನಕದ ಕಣಗಳೂ ಬೆಳಕನ್ನು ಚದುರಿಸುವುದರಿಂದ. ಚದುರುವಿಕೆ ಕಣಗಳ ಸಂಖ್ಯೆಯನ್ನು ಮಾತ್ರವಲ್ಲದೆ ಅವುಗಳ ಗಾತ್ರವನ್ನೂ ಅವಲಂಬಿಸಿದೆ. ಆದ್ದರಿಂದ ಟೆಸ್ಟರಿನಲ್ಲಿ ಮೊದಲು ಹಾಲಿಗೆ ಇ.ಡಿ.ಟಿ.ಎ. ಇರುವ ದ್ರಾವಣವನ್ನು ಬೆರೆಸುತ್ತಿದ್ದರು. ಅದು ಕೇಸೀನ್ ಕಣಗಳನ್ನು ಬಿಡಿಸಿ ಕರಗಿಸುತ್ತದೆ, ಬೆಳಕನ್ನು ಚದುರಿಸಲು ಜಿಡ್ಡೊಂದೇ ಉಳಿಯುತ್ತದೆ. ಆಮೇಲೆ ಅದನ್ನು ಸಣ್ಣ ಸಂದಿಯ ಮೂಲಕ ಒತ್ತಿ ಎಲ್ಲ ಜಿಡ್ಡಿನ ಕಣಗಳನ್ನೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ತರಲಾಗುತ್ತಿತ್ತು. ಇಷ್ಟೆಲ್ಲ ಆದ ಮೇಲೆ, ತೆಳುವಾದ ಆ ಹಾಲಿನಲ್ಲಿ ಬೆಳಕಿನ ಅಳತೆ. ಇಷ್ಟಾದರೂ ಅದು ಹೇಳುತ್ತಿದ್ದದ್ದು ಜಿಡ್ಡಿನ ಪ್ರಮಾಣವನ್ನು ಮಾತ್ರ. ಆ ಜಿಡ್ಡು ಹಸುವಿನದೋ ಎಣ್ಣೆಯದೋ ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಈ ಯಾವ ಸಿದ್ಧತೆಯೂ ಇಲ್ಲ. ಹಾಲನ್ನು ಇದ್ದ ಹಾಗೆಯೇ ಬೆಳಕಿಗೆ ಒಡ್ಡಲಾಗುತ್ತದೆ. ಜೆರ್ಸಿ ಮಿಶ್ರತಳಿಯ ಹಾಲಿನಲ್ಲಿ ಜಿಡ್ಡು ಹೆಚ್ಚು, ಎಚ್.ಎಫ್. ಮಿಶ್ರತಳಿಯಲ್ಲಿ ಕಡಿಮೆ. ಮಲೆನಾಡು ಗಿಡ್ಡದ ಹಾಲು ಬೇರೆಯೇ ತರಹ. ಒಂದೇ ಹಸುವಿನ ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ, ಕರೆಯಲು ಕುಳಿತಾಗಿನ ಮೊದಲ ಹಾಲಿಗೂ ಕೊನೆಯ ಹಾಲಿಗೂ ಜಿಡ್ಡಿನಲ್ಲಿ ವ್ಯತ್ಯಾಸವಿದೆ. ಕ್ಯಾನನ್ನು ಚೆನ್ನಾಗಿ ಕಲಕದಿದ್ದರೆ ಮೇಲೆ ಕೆನೆ, ಕೆಳಗೆ ತೆಳು. ಈ ಸಹಜ ವ್ಯತ್ಯಾಸಗಳೆಲ್ಲ ಸೇರಿ, ಹತ್ತರಲ್ಲಿ ಒಂದು ಪಾಲು ನೀರಿನಿಂದಾಗುವ ವ್ಯತ್ಯಾಸವನ್ನು ಸುಲಭವಾಗಿ ಮುಚ್ಚಿಬಿಡುತ್ತವೆ. ಇನ್ನು ಅಡಿಗೆ ಎಣ್ಣೆಯನ್ನು ಸೋಪಿನ ಪುಡಿಯೊಂದಿಗೆ ಕದಡಿದರೆ ಆಗುವ ಬಿಳಿಯ ದ್ರವವೂ ಬೆಳಕನ್ನು ಹಾಲಿನಂತೆಯೇ ಚದುರಿಸುತ್ತದೆ. ನಕಲಿ ಹಾಲು ಮಾಡುವವರು ಕಣ್ಣನ್ನು ಮೋಸಗೊಳಿಸುವುದು ಹೀಗೆ. ಯಂತ್ರದ ಕಣ್ಣೂ ನಮ್ಮ ಕಣ್ಣಿನಂತೆಯೇ ಮೋಸಹೋಗುತ್ತದೆ.

ಪ್ರಯೋಗಾಲಯ ಅದೇ ಮೂರು ಕ್ಯಾನುಗಳನ್ನು ಹೇಗೆ ನೋಡುತ್ತದೆ?

ಪ್ರಯೋಗಾಲಯದ ಬಲ ಅಲ್ಲಿರುವ ದೊಡ್ಡ ಯಂತ್ರದಲ್ಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಗುಣಗಳನ್ನು ಬೇರೆ ಬೇರೆಯಾಗಿ ಅಳೆದು, ಅವು ಒಂದೇ ಮಾತನ್ನು ಹೇಳುತ್ತವೆಯೇ ಎಂದು ನೋಡುವುದರಲ್ಲಿದೆ.

ಮುಖ್ಯವಾದ ಒಂದು ಪರೀಕ್ಷೆ ಹಾಲು ಮಂಜುಗಡ್ಡೆಯಾಗುವ ಉಷ್ಣತೆಯದು. ಇದಕ್ಕೆ ಬಳಸುವ ಉಪಕರಣವನ್ನು ಕ್ರಯೋಸ್ಕೋಪ್ ಎನ್ನುತ್ತಾರೆ. ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಹಸುವಿನ ಹಾಲು ಸೊನ್ನೆಗಿಂತ ಸುಮಾರು 0.54 ಡಿಗ್ರಿ ಕೆಳಗೆ ಮಂಜುಗಡ್ಡೆಯಾಗುತ್ತದೆ. ಈ ಅಂಕಿ ಹಸುವಿನಿಂದ ಹಸುವಿಗೆ ಬಹಳ ಕಡಿಮೆ ಬದಲಾಗುತ್ತದೆ. ಕಾರಣವಿಷ್ಟೇ: ಕೆಚ್ಚಲಿನೊಳಗೆ ಹಾಲು ರಕ್ತದ ಜೊತೆ ಸದಾ ಸಮತೋಲದಲ್ಲಿರಬೇಕು. ಹಾಲಿನಲ್ಲಿ ಕರಗಿದ ವಸ್ತುಗಳ ಒಟ್ಟು ಕಣಗಳ ಸಂಖ್ಯೆ ರಕ್ತದಲ್ಲಿರುವಷ್ಟೇ ಇರುವಂತೆ ಹಸುವಿನ ದೇಹ ನೋಡಿಕೊಳ್ಳುತ್ತದೆ. ಲ್ಯಾಕ್ಟೋಸ್ ಕಡಿಮೆಯಾದರೆ ಅದರ ಜಾಗಕ್ಕೆ ಲವಣ ಬರುತ್ತದೆ.

ಈಗ ಮೂರು ಕ್ಯಾನುಗಳಿಗೆ ಬನ್ನಿ. ಮೊದಲನೆಯ ಕ್ಯಾನು ಸೊನ್ನೆಯ ಕೆಳಗೆ 0.54 ತೋರಿಸುತ್ತದೆ. ಸಂಘಕ್ಕೆ ಬಂದಾಗ ಹಾಲು ತಣ್ಣಗಿತ್ತೋ ಬಿಸಿಯಿತ್ತೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಾಲು ಶುದ್ಧ.

ಎರಡನೆಯ ಕ್ಯಾನು, ಅಂದರೆ ಬಾವು ಬಂದ ಹಸುವಿನ ಹಾಲು ಕೂಡ 0.54ರ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಅಲ್ಲಿ ಲವಣ ಏರಿದಷ್ಟೂ ಲ್ಯಾಕ್ಟೋಸ್ ಇಳಿದಿದೆ. ಹಾಗಾದರೆ ಹೊರಗಿನಿಂದ ನೀರು ಬಿದ್ದಿಲ್ಲ ಎಂದಾಯಿತು. ಈ ಹಾಲಿಗೆ ಸಿಲ್ವರ್ ನೈಟ್ರೇಟ್ ಬಳಸಿ ಉಪ್ಪಿನ ಪರೀಕ್ಷೆ ಮಾಡಿದರೆ ಸಾಮಾನ್ಯ ಹಾಲಿನ ಇಟ್ಟಿಗೆಗೆಂಪು ಬಣ್ಣದ ಬದಲು ಹಳದಿ ಬಣ್ಣ ಬರುವ ಸಾಧ್ಯತೆಯಿದೆ, ಏಕೆಂದರೆ ಕ್ಲೋರೈಡ್ ನಿಜವಾಗಿಯೂ ಹೆಚ್ಚಿದೆ. ಉಪ್ಪಿನ ಪರೀಕ್ಷೆಯೊಂದನ್ನೇ ನಂಬಿದರೆ ಇಲ್ಲಿಯೂ ತಪ್ಪುವುದುಂಟು. ಆದ್ದರಿಂದ ಪ್ರಯೋಗಾಲಯದವರು ಲ್ಯಾಕ್ಟೋಸನ್ನೂ ಅಳೆದು, ಕ್ಲೋರೈಡಿಗೂ ಲ್ಯಾಕ್ಟೋಸಿಗೂ ಇರುವ ಅನುಪಾತವನ್ನು ತೆಗೆಯುತ್ತಾರೆ, ಹಾಲಿನಲ್ಲಿರುವ ಬಿಳಿ ರಕ್ತಕಣ ಮೊದಲಾದ ಜೀವಕೋಶಗಳನ್ನೂ ಎಣಿಸುತ್ತಾರೆ. ಜೀವಕೋಶಗಳು ಬಹಳ ಹೆಚ್ಚಾಗಿದ್ದು, ಲ್ಯಾಕ್ಟೋಸ್ ಇಳಿದು ಕ್ಲೋರೈಡ್ ಏರಿದ್ದರೆ ಅದು ಕಲಬೆರಕೆಯಲ್ಲ, ಕಾಯಿಲೆ. ಆ ಸದಸ್ಯರಿಗೆ ಬೇಕಾದದ್ದು ದಂಡವಲ್ಲ, ಹಸುವಿಗೆ ಚಿಕಿತ್ಸೆ.

ಮೂರನೆಯ ಕ್ಯಾನು ಸಿಕ್ಕಿಬೀಳುವುದು ಇಲ್ಲಿಯೇ. ಹತ್ತರಲ್ಲಿ ಒಂದು ಪಾಲು ನೀರು ಸೇರಿದಾಗ 0.54 ಇದ್ದದ್ದು ಸುಮಾರು 0.49ಕ್ಕೆ ಬರುತ್ತದೆ. ಉಪ್ಪು ಹಾಕಿದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ಸುಮಾರು 0.50 ಆಗುತ್ತದೆ, ಅಷ್ಟೇ. ಯಂತ್ರದ ವಾಹಕತೆಯನ್ನು ಪೂರ್ತಿ ಸರಿಪಡಿಸಿದ ಅದೇ ಚಿಟಿಕೆ ಉಪ್ಪು ಕ್ರಯೋಸ್ಕೋಪಿನ ಅಂಕಿಯನ್ನು ಮೂರನೆಯ ಒಂದು ಪಾಲಿನಷ್ಟೂ ಸರಿಪಡಿಸುವುದಿಲ್ಲ. ಉಪ್ಪು ವಿದ್ಯುತ್ತನ್ನು ಬಹಳ ಚೆನ್ನಾಗಿ ಒಯ್ಯುತ್ತದೆ, ಆದರೆ ಹಾಲಿನಲ್ಲಿ ಕರಗಿದ ಕಣಗಳಲ್ಲಿ ಅರ್ಧದಷ್ಟಾದರೂ ವಿದ್ಯುತ್ ಒಯ್ಯದ ಲ್ಯಾಕ್ಟೋಸಿನದು. ನೀರು ಸೇರಿದಾಗ ಅದೂ ಕಡಿಮೆಯಾಗಿರುತ್ತದೆ, ಆ ಕೊರತೆಯನ್ನು ಚಿಟಿಕೆ ಉಪ್ಪು ತುಂಬಲಾರದು. ಕ್ರಯೋಸ್ಕೋಪನ್ನೂ ಮೋಸಗೊಳಿಸುವಷ್ಟು ಉಪ್ಪು ಹಾಕಿದರೆ ವಾಹಕತೆ ಮಿತಿ ಮೀರಿ ಏರುತ್ತದೆ. ಉಪ್ಪಿನ ಜೊತೆಗೆ ಸಕ್ಕರೆಯನ್ನೂ ಹಾಕಿ ಎರಡನ್ನೂ ಸರಿದೂಗಿಸಿದರೆ ರಿಸಾರ್ಸಿನಾಲ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬಂದು ಸಕ್ಕರೆ ಸಿಕ್ಕಿಬೀಳುತ್ತದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ.

ವಿದ್ಯುತ್ತಿಗೂ ಬೆಳಕಿಗೂ ಕಾಣದವುಗಳು

ಕೆಲವು ವಸ್ತುಗಳಂತೂ ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಯೂರಿಯಾ ಅಂತಹದೊಂದು. ಅದು ನೀರಿನಲ್ಲಿ ಕರಗಿದರೂ ವಿದ್ಯುತ್ತನ್ನು ಒಯ್ಯುವುದಿಲ್ಲ, ಬಣ್ಣವೂ ಇಲ್ಲ. ಯೂರಿಯಾ ಬೆರೆತ ಹಾಲು ಯಂತ್ರದಲ್ಲಿ ಸುಲಭವಾಗಿ ಪಾಸಾಗುತ್ತದೆ. ಇದಕ್ಕೆ ಡಿ.ಎಂ.ಎ.ಬಿ. ಎಂಬ ರಾಸಾಯನಿಕದ ಪರೀಕ್ಷೆಯೇ ಬೇಕು. ಹಾಲಿನಲ್ಲಿ ಸಹಜವಾಗಿಯೇ ಸ್ವಲ್ಪ ಯೂರಿಯಾ ಇರುವುದರಿಂದ ಒಳ್ಳೆಯ ಹಾಲಿನಲ್ಲೂ ತಿಳಿ ಹಳದಿ ಬರುತ್ತದೆ, ಬೆರೆಸಿದ್ದರೆ ಗಾಢ ಹಳದಿ. ಪಕ್ಕದಲ್ಲಿ ಒಳ್ಳೆಯ ಹಾಲಿನ ಪ್ರನಾಳವನ್ನು ಇಟ್ಟುಕೊಂಡು ಹೋಲಿಸದೆ ಈ ಪರೀಕ್ಷೆಯ ತೀರ್ಪು ಕೊಡಬಾರದು.

ಇದಕ್ಕಿಂತ ಗಂಭೀರವಾದದ್ದು ಬೇರೆಯಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿತು. ಯೂರಿಯಾ, ಮಾರ್ಜಕ, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಅಪಾಯಕಾರಿ ಕಲಬೆರಕೆ ಕಂಡುಬಂದದ್ದು 12 ಮಾದರಿಗಳಲ್ಲಿ ಮಾತ್ರ. ಆದರೆ 77 ಮಾದರಿಗಳಲ್ಲಿ ಮಿತಿಗಿಂತ ಹೆಚ್ಚು ಜೀವನಿರೋಧಕ ಔಷಧಿಯ ಅಂಶವಿತ್ತು. 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ಬೂಷ್ಟಿನ ವಿಷ ಮಿತಿ ಮೀರಿತ್ತು.

ಅಫ್ಲಾಟಾಕ್ಸಿನನ್ನು ಯಾರೂ ಹಾಲಿಗೆ ಬೆರೆಸುವುದಿಲ್ಲ. ಬೂಷ್ಟು ಹಿಡಿದ ಹಿಂಡಿ, ಜೋಳ, ಪಶು ಆಹಾರವನ್ನು ಹಸು ತಿಂದಾಗ ಅದರಲ್ಲಿರುವ ಅಫ್ಲಾಟಾಕ್ಸಿನ್ ಬಿ1 ಹಸುವಿನ ಯಕೃತ್ತಿನಲ್ಲಿ ಎಂ1 ಆಗಿ ಬದಲಾಗಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೆ ಅದು ಹೋಗುವುದಿಲ್ಲ. ಕಾನೂನಿನ ಮಿತಿ ಒಂದು ಕಿಲೋಗ್ರಾಂ ಹಾಲಿಗೆ 0.5 ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ ಒಂದು ಮೈಕ್ರೋಗ್ರಾಂ, ಅದರಲ್ಲಿ ಅರ್ಧ! ಒಂದು ಕಿಲೋಗ್ರಾಂ ಹಾಲಿನಲ್ಲಿ ಸುಮಾರು 7 ಗ್ರಾಂ ಖನಿಜ ಲವಣಗಳಿರುತ್ತವೆ. ಈ ಲವಣಗಳ ಏರಿಳಿತವನ್ನು ಅಳೆಯುವ ಕಡ್ಡಿಗೆ ಮೈಕ್ರೋಗ್ರಾಮಿನ ವಿಷ ಹೇಗೆ ಕಂಡೀತು? ಇದನ್ನು ಗುರುತಿಸಲು ಎಲೈಸಾ ಅಥವಾ ಕ್ರೊಮಟೋಗ್ರಫಿ ಉಪಕರಣಗಳಿರುವ ಪ್ರಯೋಗಾಲಯವೇ ಬೇಕು. ಮಳೆಗಾಲದಲ್ಲಿ ಆರು ತಿಂಗಳು ಗೋಡೆಗೂ ಪಾಚಿ ಕಟ್ಟುವ ನಮ್ಮ ಕಡೆ ಹಿಂಡಿಯ ಚೀಲವನ್ನು ನೆಲಕ್ಕೆ ತಾಗಿಸಿ ಇಡದೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು. ಮುದ್ದೆಗಟ್ಟಿದ, ಬೂಷ್ಟಿನ ವಾಸನೆಯ ಹಿಂಡಿಯನ್ನು ಬಿಸಿಲಿಗೆ ಹಾಕಿ ಮತ್ತೆ ತಿನ್ನಿಸಬಾರದು. ಬಿಸಿಲು ಬೂಷ್ಟನ್ನು ಒಣಗಿಸುತ್ತದೆ, ವಿಷವನ್ನು ಪೂರ್ತಿ ತೆಗೆಯುವುದಿಲ್ಲ.

ಹಾಗೆಯೇ ಕೆಚ್ಚಲು ಬಾವಿಗೆ ಔಷಧಿ ಹಾಕಿಸಿದ ಹಸುವಿನ ಹಾಲು. ವೈದ್ಯರು ಹೇಳಿದಷ್ಟು ದಿನ ಅದನ್ನು ಸಂಘಕ್ಕೆ ಹಾಕಬಾರದು. ಚಿಕಿತ್ಸೆಯಿಂದ ವಾಹಕತೆ ಇಳಿದು ಯಂತ್ರ ಹಸಿರು ದೀಪ ತೋರಿದರೂ ಹಾಲಿನಲ್ಲಿ ಔಷಧಿ ಇನ್ನೂ ಇರಬಹುದು. ಹಸಿರು ದೀಪ ಆ ಅವಧಿಯನ್ನು ಕಡಿಮೆ ಮಾಡುವುದಿಲ್ಲ.

ಹಾಗಾದರೆ ಯಂತ್ರವನ್ನು ಹೇಗೆ ಬಳಸಬೇಕು?

ಯಂತ್ರ ಬೇಡವೆಂದಲ್ಲ. ಯಾವ ಕ್ಯಾನನ್ನು ಮತ್ತೊಮ್ಮೆ ನೋಡಬೇಕು ಎಂದು ಅದು ಬೇಗ ತೋರಿಸಿಕೊಡುತ್ತದೆ. ತೀರ್ಪು ಕೊಡುವ ಕೆಲಸ ಅದರದ್ದಲ್ಲ. ಸಂಘದಲ್ಲಿ ಇಟ್ಟುಕೊಂಡಿದ್ದರೆ ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

1. ಎಲ್ಲ ಹಸುಗಳಿಗೂ ಒಂದೇ ಮಿತಿಯನ್ನು ಇಡುವ ಬದಲು ಪ್ರತಿ ಸದಸ್ಯರ ಹಾಲಿನ ವಾಹಕತೆಯನ್ನು ಹತ್ತು ಹದಿನೈದು ದಿನ ಬರೆದಿಡಿ. ಆ ಮನೆಯ ಹಾಲನ್ನು ಆ ಮನೆಯ ಹಿಂದಿನ ಅಂಕಿಯೊಂದಿಗೇ ಹೋಲಿಸಿ. ಕಡೂರು ಕಡೆಯ ಕೊಳವೆ ಬಾವಿಯ ಗಡಸು ನೀರಿಗೂ ಮೆಣಸೆ ಕಡೆಯ ಹಳ್ಳದ ನೀರಿಗೂ ಲವಣದಲ್ಲಿ ಬಹಳ ಅಂತರವಿದೆ. ಗಡಸು ನೀರು ಬೆರೆಸಿದರೆ ವಾಹಕತೆ ಅಷ್ಟು ಇಳಿಯುವುದಿಲ್ಲ. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ಸಲ್ಲದು.

2. ಕಡ್ಡಿಗಳ ಮೇಲೆ ಜಿಡ್ಡು ಮತ್ತು ಹಾಲುಗಲ್ಲು ಕಟ್ಟಿಕೊಂಡರೆ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುತ್ತದೆ. ಎಲ್ಲ ಸದಸ್ಯರ ಹಾಲೂ ಒಟ್ಟಿಗೆ ‘ನೀರಾಗುತ್ತಿದೆ’ ಎಂದು ಕಂಡರೆ ತಪ್ಪು ಹಾಲಿನದಲ್ಲ, ಕಡ್ಡಿಯದು. ಪ್ರತಿ ಹೊತ್ತು ತೊಳೆಯಿರಿ. ವಾರಕ್ಕೊಮ್ಮೆ ಪ್ರಮಾಣಿತ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ನೋಡಿ. ಬಾಟಲಿಯ ಮೇಲೆ ಅಂಕಿ ಬರೆದಿರುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ದ್ರಾವಣ 25 ಡಿಗ್ರಿಯಲ್ಲಿ 1.413, ಇನ್ನೊಂದು 12.88 ಮಿಲಿಸೀಮೆನ್ಸ್ ತೋರಬೇಕು. ಹಾಲಿನ ಅಂಕಿ ಇವೆರಡರ ನಡುವೆ ಬರುವುದರಿಂದ ಎರಡರಲ್ಲೂ ನೋಡುವುದು ಸರಿ.

3. ಕೆಂಪು ದೀಪ ಬಂದರೆ ಹಾಲನ್ನು ಪ್ಲಂಜರಿನಿಂದ ಚೆನ್ನಾಗಿ ಕಲಕಿ, ಉಷ್ಣತೆ ನೋಡಿ, ಕಡ್ಡಿಯನ್ನು ಒಂದು ನಿಮಿಷ ಹಾಲಿನಲ್ಲೇ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಜೊತೆಗೆ ಲ್ಯಾಕ್ಟೋಮೀಟರು ಮತ್ತು ಜಿಡ್ಡಿನ ಅಂಕಿಗಳನ್ನು ನೋಡಿ.

4. ವಾಹಕತೆ ಏರಿದ್ದರೆ ಮೊದಲ ಸಂಶಯ ಹಸುವಿನ ಕೆಚ್ಚಲಿನ ಮೇಲಿರಲಿ, ಸದಸ್ಯರ ಮೇಲೆ ಬೇಡ. ಕೊಟ್ಟಿಗೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಸಿ.ಎಂ.ಟಿ. ತಟ್ಟೆಯಲ್ಲಿ ಪರೀಕ್ಷಿಸಬೇಕು. ದ್ರಾವಣ ಬೆರೆಸಿ ತಿರುಗಿಸಿದಾಗ ಹಾಲು ಲೋಳೆಯಾದರೆ ಆ ಮೊಲೆಯಲ್ಲಿ ಬಾವಿದೆ. ವಾಹಕತೆಯ ಯಂತ್ರ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ನಾಲ್ಕರಲ್ಲಿ ಒಂದು ಮೊಲೆಯ ಅಂಕಿ ಉಳಿದ ಮೂರಕ್ಕಿಂತ ಎದ್ದು ಕಂಡರೆ ಬಾವನ್ನು ಬೇಗ ಗುರುತಿಸಬಹುದು. ಆದರೆ ಕರುಹಾಕಿದ ಹೊಸದರಲ್ಲಿ ಗಿಣ್ಣುಹಾಲಿನಲ್ಲೂ, ಹಾಲು ಬತ್ತುವ ಕಾಲದಲ್ಲೂ ವಾಹಕತೆ ಸಹಜವಾಗಿಯೇ ಏರಿರುತ್ತದೆ ಎಂಬುದನ್ನು ಮರೆಯಬಾರದು.

5. ಸಂಶಯ ಉಳಿದರೆ ಸದಸ್ಯರ ಎದುರಿನಲ್ಲೇ ಸ್ವಚ್ಛವಾದ, ಒಣಗಿದ ಎರಡು ಬಾಟಲಿಗಳಲ್ಲಿ ಮಾದರಿ ತೆಗೆದು, ಸಂಕೇತ ಸಂಖ್ಯೆ, ದಿನಾಂಕ, ಹೊತ್ತು, ಉಷ್ಣತೆ ಬರೆದು ಸೀಲು ಮಾಡಿ. ಒಂದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಕ್ಕೂಟದ ಪ್ರಯೋಗಾಲಯಕ್ಕೆ ಕಳುಹಿಸಿ. ಇನ್ನೊಂದನ್ನು ಮರುಪರೀಕ್ಷೆಗಾಗಿ ತಣ್ಣಗೆ ಇಡಿ. ಹಾಲು ಹುಳಿಯಾದರೆ ವಾಹಕತೆ ಏರುತ್ತದೆ, ಬೇರೆ ಅಂಕಿಗಳೂ ಕೆಡುತ್ತವೆ. ಆದ್ದರಿಂದ ತಡಮಾಡಬಾರದು.

ಕಾನೂನು ಕೂಡ ಇದೇ ದಾರಿಯನ್ನು ಹಿಡಿದಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಆಹಾರ ಸುರಕ್ಷತಾಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲು ಮಾಡಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ಅವರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿಯನ್ನು ಒಪ್ಪದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಯಾವ ಹಂತದಲ್ಲೂ ಕೈಯಂತ್ರದ ದೀಪ ಆ ವರದಿಯ ಸ್ಥಾನಕ್ಕೆ ಬರುವುದಿಲ್ಲ.

ಒಂದು ಮಾತನ್ನು ಸದಸ್ಯರು ನೆನಪಿಡಬೇಕು. ನಿಮ್ಮ ಹಾಲಿಗೆ ಕೆಂಪು ದೀಪ ಬಂದ ದಿನ ಜಗಳಕ್ಕೆ ನಿಲ್ಲದೆ ಎರಡು ಬಾಟಲಿ ಮಾದರಿ ತೆಗೆಯುವಂತೆ ಕೇಳಿ, ಮನೆಗೆ ಹೋಗಿ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಕರೆದು ನೋಡಿ. ಕಾರ್ಯದರ್ಶಿಗಳೂ ಆ ದಿನ ರಿಜಿಸ್ಟರಿನಲ್ಲಿ ‘ಕಲಬೆರಕೆ’ ಎಂದು ಬರೆಯದೆ ‘ಮರುಪರೀಕ್ಷೆಗೆ ಕಳುಹಿಸಿದೆ’ ಎಂದು ಬರೆಯಲಿ. ವರದಿ ಬಂದ ಮೇಲೆ ಆ ಸಾಲನ್ನು ಪೂರ್ತಿ ಮಾಡಬಹುದು.